ಬೆಣ್ಣೆ ದೋಸೆಯ ಫೋಟೊ: ತಟ್ಟೆಯಲ್ಲಿ ಇರೋದೇ ಫೋನಲ್ಲೂ ಕಾಣಲಿ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ಉಪಶೀರ್ಷಿಕೆ ಸೇರಿಸಲಾಗಿದೆ.)

ಇವತ್ತಿನ ವಿಷಯ ಊಟದ ಫೋಟೊ. ಆದ್ರೆ ನಾವು ತಿನ್ನೋಕೆ ಮುಂಚೆ ಸ್ಟೇಟಸ್‌ಗೆ ಹಾಕ್ತೀವಲ್ಲ, ಆ ಫೋಟೊ ಅಲ್ಲ. ಒಂದು ಸಣ್ಣ ಹೋಟೆಲ್‌ನವರು ತಮ್ಮ ತಿಂಡಿ ಮಾರೋದಕ್ಕೆ ಹಾಕೋ ಫೋಟೊ. ಡೆಲಿವರಿ ಆ್ಯಪ್‌ನಲ್ಲಿ, ಗೂಗಲ್ ಮ್ಯಾಪ್‌ನಲ್ಲಿ, ಇನ್‌ಸ್ಟಾಗ್ರಾಮ್‌ನಲ್ಲಿ ಜನ ಮೊದಲು ನೋಡೋದು ಅದನ್ನೇ.

ಈ ಫೋಟೊ ಎರಡು ಕೆಲಸ ಮಾಡಬೇಕು. ನೋಡಿದವರಿಗೆ ಬಾಯಲ್ಲಿ ನೀರೂರಬೇಕು. ಆಮೇಲೆ ಪಾರ್ಸೆಲ್ ಬಿಚ್ಚಿದಾಗ "ಹೌದು, ಇದೇ" ಅನ್ನಿಸಬೇಕು. ಮೊದಲನೇದು ಮಾತ್ರ ಆದ್ರೆ ಏನಾಗುತ್ತೆ ಅಂತ ನಿಮಗೆ ಗೊತ್ತೇ ಇದೆ. ಒಂದು ಸ್ಟಾರ್ ಕೊಟ್ಟು, ಪಾರ್ಸೆಲ್ ಫೋಟೊ ಹಾಕಿ, "ಫೋಟೊದಲ್ಲಿ ಒಂದು, ಡಬ್ಬಿಯಲ್ಲಿ ಇನ್ನೊಂದು" ಅಂತ ಬರೀತಾರೆ. ದೊಡ್ಡ ಕಂಪನಿ ಅಂಥ ಹತ್ತು ರಿವ್ಯೂ ತಡ್ಕೊಳ್ಳುತ್ತೆ. ದಿನಕ್ಕೆ ಮೂವತ್ತು ಪಾರ್ಸೆಲ್ ಕಳಿಸೋ ಹೋಟೆಲ್‌ಗೆ ಅದು ಕಷ್ಟ.

ಹಾಗಾಗಿ ಇವತ್ತು ಒಂದೇ ತಿಂಡಿ ಹಿಡ್ಕೊಂಡು ಮಾತಾಡೋಣ. ದಾವಣಗೆರೆ ಬೆಣ್ಣೆ ದೋಸೆ. ಅಲ್ಲೊಂದು ಸಣ್ಣ ಹೋಟೆಲ್‌ಗೆ ನಾನು ಫೋಟೊ ತೆಗೆದುಕೊಟ್ಟೆ. ಬಳಸಿದ್ದು ಫೋನ್ ಮಾತ್ರ. ಲೈಟು, ಸ್ಟ್ಯಾಂಡು ಏನೂ ಇರಲಿಲ್ಲ. ಖರ್ಚಾಗಿದ್ದು ಒಂದು ಥರ್ಮಾಕೋಲ್ ಹಾಳೆ, ಮತ್ತೆ ಹೋಟೆಲ್ ಮಾಲೀಕರದ್ದೇ ಒಂದು ಬಿಳಿ ಪಂಚೆ. ಪಂಚೆ ಯಾಕೆ ಅಂತ ಈಗ ಹೇಳ್ತೀನಿ.

ದೋಸೆ ಗರಿಗರಿ ಅಂತ ಫೋಟೊಗೆ ಹೇಗೆ ಗೊತ್ತಾಗುತ್ತೆ?

ದಾವಣಗೆರೆ ದೋಸೆ ಬೆಂಗಳೂರಿನ ಮಸಾಲೆ ದೋಸೆಗಿಂತ ಚಿಕ್ಕದು, ಸ್ವಲ್ಪ ದಪ್ಪ. ಹಿಟ್ಟಿಗೆ ಅಕ್ಕಿ, ಉದ್ದಿನಬೇಳೆ ಜೊತೆ ಮಂಡಕ್ಕಿನೂ ಸೇರಿಸಿ ರುಬ್ತಾರೆ. ಹಂಚಿನ ಮೇಲೆ ಬೆಣ್ಣೆ ಹಾಕಿ ಬೇಯಿಸ್ತಾರೆ. ಹಂಚಿಗೆ ತಾಗಿದ ಬದಿ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ. ಜೊತೆಗೆ ಬಿಳಿ ಆಲೂಗಡ್ಡೆ ಪಲ್ಯ, ತೆಂಗಿನಕಾಯಿ ಚಟ್ನಿ. ಇಷ್ಟೇ.

ಗರಿಗರಿ ಅನ್ನೋದು ಬಾಯಿಗೆ, ಕಿವಿಗೆ ಗೊತ್ತಾಗೋ ಗುಣ. ಫೋಟೊದಲ್ಲಿ ಅದು ಕಾಣೋದು ನೆರಳಿನಿಂದ. ದೋಸೆಯ ಮೇಲೆ ಸಣ್ಣ ಸಣ್ಣ ತೂತು, ಉಬ್ಬು, ಅಂಚಲ್ಲಿ ಮುರುಕು ಇರುತ್ತಲ್ಲ, ಬೆಳಕು ಪಕ್ಕದಿಂದ ಬಂದಾಗ ಪ್ರತಿ ಉಬ್ಬಿನ ಹಿಂದೆ ಒಂದು ಸಣ್ಣ ನೆರಳು ಬೀಳುತ್ತೆ. ನಮ್ಮ ಕಣ್ಣು ಆ ನೆರಳನ್ನೇ ಓದಿ "ಗರಿಗರಿ ಇದೆ" ಅನ್ನುತ್ತೆ. ಫೋನಿನ ಫ್ಲ್ಯಾಶ್ ಹಾಕಿದ್ರೆ ಬೆಳಕು ಕ್ಯಾಮೆರಾದ ಪಕ್ಕದಿಂದಲೇ ನೇರವಾಗಿ ಹೋಗುತ್ತೆ. ನೆರಳೆಲ್ಲ ಉಬ್ಬಿನ ಹಿಂದೆ ಅಡಗಿಬಿಡುತ್ತೆ, ದೋಸೆ ಸಪಾಟಾಗಿ, ರಟ್ಟಿನ ತುಂಡಿನ ಥರ ಕಾಣುತ್ತೆ.

ಬೆಣ್ಣೆಯ ಹೊಳಪು ಕೂಡ ಹೀಗೇ. ಹೊಳಪು ಅಂದ್ರೆ ಬೆಳಕು ಬೆಣ್ಣೆ ಮೇಲೆ ಬಿದ್ದು ಜಾರಿ ಕ್ಯಾಮೆರಾ ಕಡೆ ಬರೋದು. ಅದಕ್ಕೆ ಬೆಳಕು ತಟ್ಟೆಯ ಆಚೆ ಬದಿಯಿಂದ ಬರಬೇಕು. ಕಿಟಕಿಗೆ ಎದುರಾಗಿ ಕೂತು, ತಟ್ಟೆಯನ್ನು ನಿಮ್ಮ ಮತ್ತು ಕಿಟಕಿಯ ನಡುವೆ ಇಟ್ಕೊಳ್ಳಿ. ಆಮೇಲೆ ತಟ್ಟೆಯನ್ನು ಗಡಿಯಾರ ಅಂದ್ಕೊಳ್ಳಿ, ನೀವು ಆರು ಗಂಟೆ ಇರೋ ಜಾಗದಲ್ಲಿ ಕೂತಿದ್ದೀರಿ. ಕಿಟಕಿ ಹತ್ತು ಗಂಟೆ ಅಥವಾ ಎರಡು ಗಂಟೆ ಕಡೆ ಬರೋ ಹಾಗೆ ಸ್ವಲ್ಪ ತಿರುಗಿ ಕೂತ್ಕೊಳ್ಳಿ. ಅಲ್ಲಿಂದ ಬೆಳಕು ಬಂದ್ರೆ ನೆರಳೂ ಸಿಗುತ್ತೆ, ಹೊಳಪೂ ಸಿಗುತ್ತೆ.

ಆ ಹೋಟೆಲ್‌ನಲ್ಲಿ ಕಿಟಕಿಯೇ ಇರಲಿಲ್ಲ. ಮುಂದೆ ಒಂದು ಶಟರ್, ಒಳಗೆ ಟ್ಯೂಬ್‌ಲೈಟ್. ಸಣ್ಣ ಹೋಟೆಲ್ ಬಹಳಷ್ಟು ಹೀಗೇ ಇರುತ್ತೆ. ಶಟರ್ ಬಾಗಿಲೇ ನಮ್ಮ ಕಿಟಕಿ ಆಯ್ತು. ಬಾಗಿಲಿನಿಂದ ನಾಲ್ಕಡಿ ಒಳಗೆ ಒಂದು ಟೇಬಲ್ ಎಳ್ಕೊಂಡ್ವಿ. ಒಳಗಿನ ಟ್ಯೂಬ್‌ಲೈಟ್ ಎಲ್ಲ ಆರಿಸಿದ್ವಿ. ಮಾಲೀಕರಿಗೆ ಆಶ್ಚರ್ಯ. "ಫೋಟೊ ತೆಗಿಯೋವಾಗ ಲೈಟ್ ಆರಿಸ್ತಾರೇನಪ್ಪ?" ಅಂದ್ರು. "ಅಣ್ಣಾ, ಬಿಸಿಲಿನ ಬೆಳಕಿಗೊಂದು ಬಣ್ಣ, ಟ್ಯೂಬ್‌ಲೈಟಿಗೆ ಇನ್ನೊಂದು ಬಣ್ಣ. ಎರಡೂ ಬಿದ್ರೆ ಚಟ್ನಿ ಒಂದು ಕಡೆ ನೀಲಿ, ಇನ್ನೊಂದು ಕಡೆ ಹಸಿರು ಹಸಿರಾಗಿ ಕಾಣುತ್ತೆ. ಆಮೇಲೆ ಯಾವ ಆ್ಯಪ್‌ನಲ್ಲೂ ಅದನ್ನ ಸರಿ ಮಾಡಕ್ಕಾಗಲ್ಲ" ಅಂದೆ.

ಹೊತ್ತು ಕೂಡ ಮುಖ್ಯ. ಅವರ ಬಾಗಿಲು ಪೂರ್ವಕ್ಕೆ. ಬೆಳಿಗ್ಗೆ ಎಂಟಕ್ಕೆ ನೇರ ಬಿಸಿಲು ಒಳಗೆ ನುಗ್ಗುತ್ತೆ, ಗಿರಾಕಿಗಳೂ ತುಂಬಿರ್ತಾರೆ. ನೇರ ಬಿಸಿಲಲ್ಲಿ ನೆರಳು ಕಪ್ಪಾಗಿ, ಬೆಣ್ಣೆ ಬಿಳಿ ಚುಕ್ಕೆಯಾಗಿ ಹೋಗುತ್ತೆ. ಹನ್ನೊಂದು ಗಂಟೆ ದಾಟಿದ ಮೇಲೆ ಬಿಸಿಲು ಮೇಲಕ್ಕೆ ಹೋಗಿ, ಬಾಗಿಲಲ್ಲಿ ತಣ್ಣಗಿನ ಬೆಳಕು ಮಾತ್ರ ಉಳಿಯುತ್ತೆ. ತಿಂಡಿ ಗಲಾಟೆನೂ ಮುಗಿದಿರುತ್ತೆ, ಹಂಚು ಮಾತ್ರ ಇನ್ನೂ ಬಿಸಿ. ನಾವು ತೆಗೆದಿದ್ದು ಹನ್ನೊಂದೂವರೆಗೆ. ಆದರೂ ಎದುರಿನ ಕಟ್ಟಡದ ಗಾಜಿಗೆ ಬಡಿದು ಒಂದು ಬಿಸಿಲಿನ ಪಟ್ಟಿ ಟೇಬಲ್ ಮೇಲೆ ಬೀಳ್ತಾ ಇತ್ತು. ಪಂಚೆ ಬಂದಿದ್ದು ಅಲ್ಲೇ. ಬಾಗಿಲಿಗೆ ಅಡ್ಡ ಒಂದು ಪದರ ಪಂಚೆ ಕಟ್ಟಿದ್ವಿ, ಬೆಳಕು ಮೆತ್ತಗಾಯ್ತು. ಬೆಳಕಿನ ಎದುರು ಬದಿಗೆ, ಅಂದ್ರೆ ತಟ್ಟೆಯ ನೆರಳಿರೋ ಕಡೆಗೆ, ಥರ್ಮಾಕೋಲ್ ಹಾಳೆ ನಿಲ್ಲಿಸಿದ್ವಿ. ಬಾಗಿಲಿನ ಬೆಳಕು ಅದಕ್ಕೆ ಬಡಿದು ತಿರುಗಿ ಬಂದು, ನೆರಳು ತೀರಾ ಕಪ್ಪಾಗದ ಹಾಗೆ ಮಾಡುತ್ತೆ. ಹಾಳೆ ಹತ್ತಿರ ತಂದ್ರೆ ನೆರಳು ತಿಳಿಯಾಗುತ್ತೆ, ದೂರ ಒಯ್ದ್ರೆ ಗಾಢ ಆಗುತ್ತೆ. ನೆರಳು ಪೂರ್ತಿ ಹೋಗೋಷ್ಟು ಹತ್ತಿರ ಬೇಡ, ಗರಿಗರಿನೂ ಹೋಗಿಬಿಡುತ್ತೆ.

ಫೋನು ಎಲ್ಲಿ, ಎಷ್ಟು ದೂರ

ತುಂಬಾ ಜನ ಫೋನನ್ನು ದೋಸೆಗೆ ಮುತ್ತು ಕೊಡೋ ಹಾಗೆ ಹತ್ತಿರ ಹಿಡಿತಾರೆ. ಫೋನಿನ ಮುಖ್ಯ ಕ್ಯಾಮೆರಾ ಅಗಲವಾಗಿ ನೋಡೋ ಕ್ಯಾಮೆರಾ. ತೀರಾ ಹತ್ತಿರ ಹೋದ್ರೆ ಮುಂದಿರೋ ಅಂಚು ದೊಡ್ಡದಾಗಿ, ಹಿಂದಿರೋದು ಚಿಕ್ಕದಾಗಿ ಕಾಣುತ್ತೆ. ಏಳಿಂಚಿನ ದೋಸೆ ಒಂದಡಿ ದೋಸೆ ಥರ ಕಾಣೋದು ಹೀಗೇ. ಇನ್ನೂ ಹತ್ತಿರ ಹೋದ್ರೆ ಕೆಲವು ಫೋನುಗಳು ತಾವಾಗೇ ಇನ್ನೂ ಅಗಲದ ಕ್ಯಾಮೆರಾಗೆ ಬದಲಾಗ್ತವೆ. ಪರದೆ ಮೇಲೆ ಚಿತ್ರ ಒಮ್ಮೆ ಜಿಗಿದ ಹಾಗೆ ಕಂಡ್ರೆ ಅದೇ ಗುರುತು.

ಪರಿಹಾರ ಸುಲಭ. ಒಂದೂವರೆ, ಎರಡು ಅಡಿ ಹಿಂದೆ ಸರಿದು 2x ಒತ್ತಿ. ಆಕಾರ ಸರಿಯಾಗಿ ಬರುತ್ತೆ, ನಿಮ್ಮ ಕೈಯ ನೆರಳೂ ತಟ್ಟೆ ಮೇಲೆ ಬೀಳಲ್ಲ. 2xಗಿಂತ ಜಾಸ್ತಿ ಜೂಮ್ ಸಾಧಾರಣ ಫೋನಲ್ಲಿ ಬೇಡ. ದೋಸೆಯ ತೂತೆಲ್ಲ ಕಲಸಿಹೋಗಿ ಮೇಣದ ಥರ ಕಾಣುತ್ತೆ. ಪೋರ್ಟ್ರೇಟ್ ಮೋಡ್ ಕೂಡ ಬೇಡ. ಅದು ಮುಖದ ಅಂಚು ಹುಡುಕೋಕೆ ಮಾಡಿದ್ದು. ದೋಸೆಯ ಮುರುಕು ಅಂಚನ್ನ, ಚಟ್ನಿ ಬಟ್ಟಲಿನ ಬಾಯನ್ನ ಹಿನ್ನೆಲೆ ಅಂತ ತಿಳಿದು ಅಲ್ಲಲ್ಲಿ ಮಸುಕು ಮಾಡಿಬಿಡುತ್ತೆ.

ಕೋನದ ವಿಷಯದಲ್ಲಿ ಒಂದೇ ಪ್ರಶ್ನೆ ಕೇಳ್ಕೊಳ್ಳಿ: ಈ ತಿಂಡಿಯ ರುಚಿ ಎಲ್ಲಿಂದ ಕಾಣುತ್ತೆ? ದೋಸೆ ಚಪ್ಪಟೆ, ಅದರ ಅಂದ ಎಲ್ಲ ಮೇಲೆ. ಹಾಗಾಗಿ ನೇರ ಮೇಲಿನಿಂದ ತೆಗೀಬಹುದು, ಇಲ್ಲಾ ಕೂತು ತಿನ್ನುವಾಗ ಕಣ್ಣಿಗೆ ಕಾಣೋ ಕೋನದಿಂದ, ಅಂದ್ರೆ ಸುಮಾರು 45 ಡಿಗ್ರಿಯಿಂದ. ಬೆಣ್ಣೆ ಇರೋದ್ರಿಂದ ನನಗೆ 45 ಡಿಗ್ರಿಯೇ ಇಷ್ಟ. ಮೇಲಿನಿಂದ ತೆಗೆದ್ರೆ ಹೊಳಪು ಕಮ್ಮಿ, ಬೆಣ್ಣೆ ಬರೀ ಹಳದಿ ಕಲೆ. ಅದೇ ಹೋಟೆಲ್‌ನಲ್ಲಿ ಸಂಜೆ ಮಂಡಕ್ಕಿ, ಮಿರ್ಚಿ ಮಾಡ್ತಾರೆ. ಮಂಡಕ್ಕಿ ಗುಡ್ಡೆಯಾಗಿ ಕೂರುತ್ತೆ, ಅದರ ಅಂದ ಎತ್ತರದಲ್ಲಿ. ಅದಕ್ಕೆ ಫೋನನ್ನು ಇನ್ನೂ ಕೆಳಗೆ ಇಳಿಸಿದ್ವಿ, ತಟ್ಟೆಯ ಅಂಚಿಗಿಂತ ಸ್ವಲ್ಪ ಮೇಲೆ. ಸಂಜೆ ಆರಕ್ಕೆ ಮಾಡೋ ತಿಂಡಿಯನ್ನ ನಾಲ್ಕಕ್ಕೇ ಒಂದು ತಟ್ಟೆ ಮಾಡಿಸ್ಕೊಂಡ್ವಿ, ಬೆಳಕು ಇರೋವಾಗ್ಲೇ.

ಇನ್ನು ಬಣ್ಣ ಮತ್ತು ಬೆಳಕಿನ ಅಳತೆ. ಫೋನು ಚೌಕಟ್ಟಿನಲ್ಲಿ ಇರೋದನ್ನೆಲ್ಲ ಸರಾಸರಿ ತೆಗೆದು ಬೆಳಕು ನಿರ್ಧಾರ ಮಾಡುತ್ತೆ. ಕಪ್ಪು ಗ್ರಾನೈಟ್ ಟೇಬಲ್ ಮೇಲೆ ಇಟ್ರೆ "ಅಯ್ಯೋ ಕತ್ತಲೆ" ಅಂತ ಬೆಳಕು ಏರಿಸಿ, ಕೆಂಪು ದೋಸೆಯನ್ನ ಬಿಳಿಚು ಮಾಡುತ್ತೆ. ಬಾಳೆ ಎಲೆ ಚೌಕಟ್ಟಿನ ತುಂಬಾ ಇದ್ರೆ ಇನ್ನೊಂದು ತೊಂದರೆ: ಹಸಿರು ಜಾಸ್ತಿ ಆಯ್ತು ಅಂತ ಫೋನು ಅದಕ್ಕೆ ವಿರುದ್ಧದ ಬಣ್ಣ ಸೇರಿಸುತ್ತೆ, ಬಿಳಿ ಚಟ್ನಿ, ಪಲ್ಯ ಸ್ವಲ್ಪ ಗುಲಾಬಿಯಾಗಿ ಕಾಣುತ್ತೆ. ಅದಕ್ಕೆ ಎಲೆ ತಟ್ಟೆಯೊಳಗೆ ಮಾತ್ರ ಇರಲಿ, ಸುತ್ತ ಟೇಬಲ್ ಕಾಣಲಿ. ದೋಸೆಯ ಮೇಲೆ ಬೆರಳಿಟ್ಟು ಒತ್ತಿ ಹಿಡಿಯಿರಿ. ಐಫೋನಲ್ಲಿ AE/AF LOCK ಅಂತ ಬರುತ್ತೆ, ಬಹಳಷ್ಟು ಆ್ಯಂಡ್ರಾಯ್ಡ್ ಫೋನಲ್ಲಿ ಬೀಗದ ಗುರುತು ಬರುತ್ತೆ. ಪಕ್ಕದಲ್ಲಿ ಕಾಣೋ ಸೂರ್ಯನ ಚಿಹ್ನೆಯನ್ನ ಕೊಂಚ ಕೆಳಗೆ ಎಳೀರಿ, ಬೆಣ್ಣೆಯ ಮೇಲಿನ ಹೊಳಪು ಬಿಳಿ ಕಲೆ ಆಗದಷ್ಟು. ಅಷ್ಟು ಸಾಕು.

ಸ್ಟೀಲ್ ತಟ್ಟೆ ಬಗ್ಗೆ ಒಂದು ಮಾತು. ಅದು ಕನ್ನಡಿ ಇದ್ದ ಹಾಗೆ. ನೀವು ಕೆಂಪು ಟೀಶರ್ಟ್ ಹಾಕಿದ್ರೆ ತಟ್ಟೆಯ ಅಂಚು ಕೆಂಪಾಗುತ್ತೆ, ಫೋನಿನ ನೆರಳೂ ಅಲ್ಲೇ ಕೂರುತ್ತೆ. ಬೂದು ಅಥವಾ ಕಪ್ಪು ಬಟ್ಟೆ ಹಾಕ್ಕೊಂಡು ಹೋಗಿ. ಆ ಪ್ರತಿಬಿಂಬ ಬೇಡ ಅಂತ ಪಿಂಗಾಣಿ ತಟ್ಟೆ ತರೋದು ಮಾತ್ರ ಬೇಡ. ಹೋಟೆಲ್‌ನಲ್ಲಿ ಯಾವ ತಟ್ಟೆಯಲ್ಲಿ ಕೊಡ್ತಾರೋ ಅದರಲ್ಲೇ ತೆಗೀರಿ.

ಎರಡು ನಿಮಿಷದ ಆಟ

ಈಗ ನಿಜವಾದ ಕಷ್ಟದ ಭಾಗ. ದೋಸೆ ಹಂಚಿನಿಂದ ಇಳಿದ ಮೇಲೆ ನಿಮಗೆ ಸಿಗೋದು ಎರಡು, ಹೆಚ್ಚೆಂದ್ರೆ ಮೂರು ನಿಮಿಷ. ಒಳಗಿನ ಹಬೆ ಕೆಳಗಿನ ಎಲೆಗೆ ತಾಗಿ ನೀರಾಗಿ ದೋಸೆಯನ್ನ ಮೆತ್ತಗೆ ಮಾಡುತ್ತೆ. ಎತ್ತಿ ನಿಂತಿದ್ದ ಅಂಚು ಬಾಗುತ್ತೆ. ಬೆಣ್ಣೆ ಪೂರ್ತಿ ಕರಗಿ ದೋಸೆಯೊಳಗೆ ಇಂಗುತ್ತೆ. ಚಟ್ನಿಯ ಸುತ್ತ ನೀರು ಬಿಡುತ್ತೆ. ಫೋಟೊದಲ್ಲಿ ತಿಂಡಿ "ಹಳೇದು" ಅನ್ನಿಸೋದು ಬಹಳಷ್ಟು ಸಲ ಇದರಿಂದಲೇ. ಅಡುಗೆ ಕೆಟ್ಟಿರಲ್ಲ, ಫೋಟೊ ತಡವಾಗಿರುತ್ತೆ.

ಆದ್ದರಿಂದ ಎರಡು ದೋಸೆ ಬೇಕು. ಮೊದಲನೇದು ಬರೀ ಅಳತೆಗೆ. ಅದನ್ನ ತಟ್ಟೆಯಲ್ಲಿಟ್ಟು ಬೆಳಕು, ದೂರ, ಕೋನ, ಚಟ್ನಿ ಬಟ್ಟಲಿನ ಜಾಗ, ಥರ್ಮಾಕೋಲ್ ಎಲ್ಲ ಸರಿ ಮಾಡ್ಕೊಳ್ಳಿ. ಎಷ್ಟು ಹೊತ್ತಾದ್ರೂ ಆಗಲಿ. ತಟ್ಟೆ ಎಲ್ಲಿದೆ ಅಂತ ಟೇಬಲ್ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿ. ಒಂದು ಬಿಳಿ ಟಿಶ್ಯೂ ಕಾಗದ ತಟ್ಟೆ ಪಕ್ಕ ಇಟ್ಟು ಒಂದು ಫೋಟೊ ತೆಗೆದಿಟ್ಕೊಳ್ಳಿ, ಆಮೇಲೆ ಬಣ್ಣ ಸರಿ ಇದೆಯಾ ನೋಡೋಕೆ ಬೇಕಾಗುತ್ತೆ. ಎಲ್ಲ ಆದ ಮೇಲೆ ಭಟ್ಟರಿಗೆ ಹೇಳಿ: "ಈಗ ಹಾಕಿ." ಬಿಸಿ ದೋಸೆ ಬಂದ ತಕ್ಷಣ ಅದೇ ಗುರುತಿನ ಮೇಲೆ ಇಡಿ. ಪಲ್ಯ, ಚಟ್ನಿ ಆಗ ಬಡಿಸಿ, ಬೆಣ್ಣೆ ಕೊನೆಗೆ. ಬೆಣ್ಣೆ ಇಟ್ಟ ಕ್ಷಣದಿಂದ ಶುರು ಮಾಡಿ ಹತ್ತು ಹದಿನೈದು ಫೋಟೊ ಬಿಡದೆ ತೆಗೀರಿ. ಬೆಣ್ಣೆ ಅರ್ಧ ಗಟ್ಟಿ ಇದ್ದು ಅರ್ಧ ಹರಿಯೋ ಕ್ಷಣ ಒಂದು ಬರುತ್ತೆ. ನಮಗೆ ಬೇಕಾಗಿದ್ದು ಅದೇ.

ತಟ್ಟೆ ಅಂಚಿಗೆ ಬಿದ್ದ ಚಟ್ನಿ ಹನಿ ಒರೆಸೋಕೆ ಒಂದು ಒದ್ದೆ ಬಟ್ಟೆ ಕೈಯಲ್ಲೇ ಇರಲಿ. ಆಮೇಲೆ ಆ ದೋಸೆ ಬಿಸಾಡಬೇಡಿ. ಅದರಲ್ಲಿ ತಿನ್ನಬಾರದ್ದು ಏನೂ ಹಾಕಿಲ್ಲ, ತೆಗೆದ ಮೇಲೆ ಕೂತು ತಿನ್ನಿ. ನನ್ನ ಮಟ್ಟಿಗೆ ಇದೇ ಒಂದು ಪರೀಕ್ಷೆ ಕೂಡ: ಫೋಟೊ ಆದ ಮೇಲೆ ಆ ತಟ್ಟೆಯನ್ನ ಗಿರಾಕಿಗೆ ಕೊಡೋ ಹಾಗಿರಬೇಕು.

ಗೆರೆ ಎಲ್ಲಿದೆ?

ಜಾಹೀರಾತು ಲೋಕದಲ್ಲಿ ಹಳೇ ಉಪಾಯಗಳು ಬೇಕಾದಷ್ಟಿವೆ. ಹಾಲಿನ ಬದಲು ಬಿಳಿ ಗೋಂದು, ಹಬೆಗೆ ಒದ್ದೆ ಹತ್ತಿ ಬಿಸಿ ಮಾಡಿ ತಟ್ಟೆ ಹಿಂದೆ ಇಡೋದು, ಬೆವರಿದ ಹಾಗೆ ಕಾಣಲಿ ಅಂತ ಲೋಟಕ್ಕೆ ಗ್ಲಿಸರಿನ್. ಸಣ್ಣ ಹೋಟೆಲ್‌ನವರು ಇದನ್ನೆಲ್ಲ ಮಾಡಲ್ಲ. ಅವರ ಮುಂದೆ ಬರೋ ಆಸೆ ಬೇರೆ, ಅದು ತುಂಬಾ ಸಾಧಾರಣವಾಗಿ ಕಾಣುತ್ತೆ. ನಮ್ಮ ಮಾಲೀಕರು ಹೇಳಿದ್ದು ಇಷ್ಟೇ: "ಇನ್ನೊಂದು ಉಂಡೆ ಬೆಣ್ಣೆ ಇಡಪ್ಪ, ಚಂದ ಕಾಣ್ತತಿ."

ನಿಜವಾದ ಬೆಣ್ಣೆ, ಅವರದ್ದೇ ಬೆಣ್ಣೆ. ಸುಳ್ಳು ಎಲ್ಲಿದೆ? ಇದಕ್ಕೆ ಅಮೆರಿಕದ ಒಂದು ಹಳೇ ಪ್ರಕರಣ ನೆನಪು ಮಾಡ್ಕೊಳ್ಳೋಣ. 1960ರ ದಶಕದ ಕೊನೆಯಲ್ಲಿ ಕ್ಯಾಂಪ್‌ಬೆಲ್ ಸೂಪ್ ಕಂಪನಿಯ ತರಕಾರಿ ಸೂಪ್ ಜಾಹೀರಾತು ತೆಗೆಯುವಾಗ ತರಕಾರಿ ಚೂರುಗಳೆಲ್ಲ ಬಟ್ಟಲಿನ ತಳಕ್ಕೆ ಮುಳುಗ್ತಾ ಇದ್ವು. ಅದಕ್ಕೆ ಬಟ್ಟಲಿನ ತಳದಲ್ಲಿ ಗಾಜಿನ ಗೋಲಿಗಳನ್ನ ಹಾಕಿದ್ರು. ತರಕಾರಿ ಮೇಲೆ ಬಂತು, ಸೂಪ್ ಗಟ್ಟಿಯಾಗಿ ಕಂಡಿತು. ಸೂಪ್ ನಿಜವಾದದ್ದೇ, ತರಕಾರಿನೂ ನಿಜವಾದದ್ದೇ. ಆದ್ರೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಇದನ್ನ ದಾರಿ ತಪ್ಪಿಸೋ ಜಾಹೀರಾತು ಅಂತ ಹಿಡಿಯಿತು, 1970ರಲ್ಲಿ ಕಂಪನಿ ಅದನ್ನ ನಿಲ್ಲಿಸೋಕೆ ಒಪ್ಪಬೇಕಾಯ್ತು. ಯಾಕಂದ್ರೆ ಗಿರಾಕಿಗೆ ಸಿಗೋ ಬಟ್ಟಲಲ್ಲಿ ಅಷ್ಟು ತರಕಾರಿ ಕಾಣಲ್ಲ.

ನಮ್ಮಲ್ಲೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳೋದು ಅದನ್ನೇ. ಸರಕಿನ ಸ್ವರೂಪ, ಪ್ರಮಾಣ, ಗುಣಮಟ್ಟದ ವಿಷಯದಲ್ಲಿ ಗ್ರಾಹಕರ ದಾರಿ ತಪ್ಪಿಸೋ ಹಾಗಿದ್ರೆ ಅದು ದಾರಿ ತಪ್ಪಿಸುವ ಜಾಹೀರಾತು. ಪ್ರಮಾಣ ಅನ್ನೋ ಪದ ಗಮನಿಸಿ. ಪದಾರ್ಥ ಅಸಲಿಯಾಗಿದ್ರೆ ಸಾಲದು, ಎಷ್ಟಿದೆ ಅನ್ನೋದೂ ಸರಿ ಇರಬೇಕು.

ಹಾಗಾಗಿ ನಾವು ಅಡುಗೆಮನೆಯ ತಕ್ಕಡಿ ತಂದ್ವಿ. ಭಟ್ಟರಿಗೆ "ಗಿರಾಕಿಗೆ ಹಾಕೋ ಹಾಗೇ ಒಂದು ಉಂಡೆ ಬೆಣ್ಣೆ ಕೊಡಿ" ಅಂದ್ವಿ. ಹತ್ತು ಗ್ರಾಂ ಬಂತು. ಇನ್ನೊಂದು ಸಲ ಕೇಳಿದ್ರೆ ಹನ್ನೆರಡು. ಸರಿ, ಫೋಟೊಗೆ ಹತ್ತು ಗ್ರಾಂ ಅಂತ ಗೊತ್ತು ಮಾಡಿದ್ವಿ, ಕಡಿಮೆ ಇರೋದನ್ನೇ ಹಿಡಿದ್ವಿ. ಪಲ್ಯಕ್ಕೂ ಹಾಗೇ, ಅವರು ಬಡಿಸೋ ಸೌಟಲ್ಲಿ ಒಂದು ಸೌಟು.

ಮಾಲೀಕರಿಗೆ ಸ್ವಲ್ಪ ಬೇಜಾರಾಯ್ತು. "ಹತ್ತು ಗ್ರಾಂ ಫೋಟೊದಾಗ ಏನ್ ಕಾಣ್ತತಿ?" ಅಂದ್ರು. ಇಲ್ಲೇ ಸ್ಟೈಲಿಂಗ್ ಅನ್ನೋದರ ನಿಜವಾದ ಕೆಲಸ ಇರೋದು. ಅದೇ ಹತ್ತು ಗ್ರಾಂ ಬೆಣ್ಣೆಯನ್ನ ಹತ್ತು ನಿಮಿಷ ಫ್ರಿಜ್ಜಿನಲ್ಲಿಟ್ವಿ. ತಣ್ಣಗಿರೋ ಬೆಣ್ಣೆ ನಿಧಾನವಾಗಿ ಕರಗುತ್ತೆ, ನಮಗೆ ಅರ್ಧ ನಿಮಿಷದ ಬದಲು ಒಂದೂವರೆ ನಿಮಿಷ ಸಿಕ್ತು. ಉಂಡೆಯನ್ನ ದೋಸೆಯ ನಡುವೆ ಇಡೋ ಬದಲು ಕ್ಯಾಮೆರಾಗೆ ಹತ್ತಿರದ ಬದಿಯಲ್ಲಿ, ಬೆಳಕು ಜಾರೋ ಕಡೆ ಇಟ್ವಿ. ಪಲ್ಯವನ್ನ ಸೌಟಿನ ಬೆನ್ನಿಂದ ಒತ್ತದೆ, ಬಿದ್ದ ಹಾಗೇ ಗುಡ್ಡೆಯಾಗಿ ಬಿಟ್ವಿ. ಪ್ರಮಾಣ ಅದೇ, ಪದಾರ್ಥ ಅದೇ. ಕಾಣೋ ಹೊತ್ತು ಮತ್ತು ಜಾಗ ಮಾತ್ರ ನಮ್ಮ ಆಯ್ಕೆ. ನನ್ನ ಪ್ರಕಾರ ಇದು ಗೆರೆಯ ಈಚೆ ಬದಿ. ಪಲ್ಯದ ಕೆಳಗೆ ಒಂದು ಬಟ್ಟಲು ಬೋರಲು ಹಾಕಿ ಎತ್ತರ ಮಾಡಿದ್ರೆ ಅದು ಗೋಲಿಯ ಲೆಕ್ಕ, ಗೆರೆಯ ಆಚೆ.

ಮೂರನೇ ಪ್ರಶ್ನೆ ಕೊತ್ತಂಬರಿ ಸೊಪ್ಪಿನದು. ಎಲ್ಲ ಬಿಳಿ, ಕಂದು ಇದೆ, ಒಂದೆರಡು ಎಲೆ ಹಸಿರು ಇಟ್ರೆ ಚಂದ ಅಂತ ನನಗೂ ಅನ್ನಿಸ್ತು. ಆದ್ರೆ ಅವರು ದೋಸೆಗೆ ಕೊತ್ತಂಬರಿ ಹಾಕಲ್ಲ. ಹಾಕದೇ ಇರೋದನ್ನ ಫೋಟೊದಲ್ಲಿ ತೋರಿಸೋ ಹಾಗಿಲ್ಲ. ಹಸಿರು ಬೇಕಂದ್ರೆ ಅವರು ಹೇಗೂ ತಟ್ಟೆಗೆ ಹಾಕೋ ಬಾಳೆ ಎಲೆಯ ತುಂಡು ಇದೆಯಲ್ಲ, ಅದನ್ನೇ ಒಂದು ಕಡೆ ಸ್ವಲ್ಪ ಹೊರಗೆ ಕಾಣೋ ಹಾಗೆ ಬಿಟ್ವಿ.

ಎಡಿಟ್ ಮಾಡುವಾಗ

ಫೋನಿನ "ಫುಡ್ ಮೋಡ್" ಇದ್ರೆ ಆಫ್ ಮಾಡಿ. ಕೆಂಪು, ಹಳದಿ ಏರಿಸಿ, ಸುತ್ತ ಮಸುಕು ಮಾಡೋದು ಅದರ ಅಭ್ಯಾಸ. ದಾವಣಗೆರೆ ಪಲ್ಯ ಬಿಳಿ, ಅದೇ ಅದರ ಗುರುತು. ಫುಡ್ ಮೋಡ್‌ನಲ್ಲಿ ಅದು ಅರಿಸಿನ ಹಾಕಿದ ಪಲ್ಯದ ಥರ ಕಂಡ್ರೆ, ತಿಳಿದವರು "ಇದು ನಮ್ಮೂರ ದೋಸೆ ಅಲ್ಲ" ಅಂತಾರೆ. ಇಲ್ಲಿ ಸುಳ್ಳು ಬಣ್ಣ ಚಂದನೂ ಅಲ್ಲ, ನಷ್ಟ.

ನಾನು ಮಾಡಿದ್ದು ನಾಲ್ಕೇ ಕೆಲಸ. ವಾಲಿದ್ದ ಟೇಬಲ್ ಅಂಚು ನೇರ ಮಾಡಿದೆ. ಚೌಕಕ್ಕೆ ಕ್ರಾಪ್ ಮಾಡಿದೆ, ಆದ್ರೆ ತಟ್ಟೆಯ ಸುತ್ತ ಜಾಗ ಬಿಟ್ಟೆ. ಬೇರೆ ಬೇರೆ ಆ್ಯಪ್ ಬೇರೆ ಬೇರೆ ಥರ ಕತ್ತರಿಸ್ತವೆ, ಜಾಗ ಇಲ್ಲ ಅಂದ್ರೆ ಚಟ್ನಿ ಬಟ್ಟಲು ಅರ್ಧ ಹೋಗುತ್ತೆ. ಟಿಶ್ಯೂ ಕಾಗದದ ಫೋಟೊ ನೋಡ್ಕೊಂಡು, ಅದು ಬಿಳಿಯಾಗಿ ಕಾಣೋವರೆಗೂ ವಾರ್ಮ್ತ್ ಸರಿ ಮಾಡಿ, ಅದೇ ಅಳತೆಯನ್ನ ದೋಸೆ ಫೋಟೊಗೂ ಹಾಕಿದೆ. ಕೊನೆಗೆ ಬ್ರೈಟ್‌ನೆಸ್ ಸ್ವಲ್ಪ. ಸ್ಯಾಚುರೇಷನ್ ಮುಟ್ಟಲಿಲ್ಲ, ಯಾವುದನ್ನೂ ಅಳಿಸಲಿಲ್ಲ. ದೋಸೆಯಲ್ಲಿ ಒಂದು ಕಡೆ ಸ್ವಲ್ಪ ಸೀದಿತ್ತು, ಅದೂ ಹಾಗೇ ಇದೆ. ಹಂಚಿನ ದೋಸೆ ಅಂದ ಮೇಲೆ ಅಲ್ಲೊಂದು ಇಲ್ಲೊಂದು ಸೀದಿರುತ್ತೆ.

ಕೊನೆಗೆ ಫೋನಿನ ಬ್ರೈಟ್‌ನೆಸ್ ಮಧ್ಯಕ್ಕೆ ಇಟ್ಟು, ಅದೇ ಬಾಗಿಲ ಬೆಳಕಲ್ಲಿ ಹೊಸ ದೋಸೆ ಪಕ್ಕದಲ್ಲಿ ಹಿಡಿದು ಭಟ್ಟರನ್ನ ಕರೆದು ಕೇಳಿದೆ: "ಭಟ್ರೇ, ಬಣ್ಣ ಒಂದೇ ಇದೆಯಾ?" ಅವರಿಗಿಂತ ಚೆನ್ನಾಗಿ ಗೊತ್ತಿರೋರು ಯಾರು? "ಚಟ್ನಿ ಸ್ವಲ್ಪ ಹಳದಿ ಕಾಣುತ್ತೆ" ಅಂದ್ರು. ವಾರ್ಮ್ತ್ ಇನ್ನೊಂದು ಚೂರು ಇಳಿಸಿದೆ.

ಪಾರ್ಸೆಲ್ ಬೇರೆ, ತಟ್ಟೆ ಬೇರೆ

ಇಷ್ಟೆಲ್ಲ ಮಾಡಿದ ಮೇಲೂ ಒಂದು ಸಮಸ್ಯೆ ಉಳಿಯುತ್ತೆ, ಇದನ್ನ ಬಹಳ ಹೋಟೆಲ್‌ನವರು ಯೋಚನೆನೇ ಮಾಡಲ್ಲ. ಈ ಫೋಟೊ ಹೋಟೆಲಿಗೆ ಬಂದು ಕೂತು ತಿನ್ನೋರಿಗೆ ಸತ್ಯ. ಮನೆಗೆ ತರಿಸಿಕೊಳ್ಳೋರಿಗೆ ಸತ್ಯ ಅಲ್ಲ. ಅವರಿಗೆ ದೋಸೆ ಮಡಚಿಕೊಂಡು, ಎಲೆಯಲ್ಲಿ ಸುತ್ತಿಕೊಂಡು ಬರುತ್ತೆ. ಬೆಣ್ಣೆ ಕರಗಿರುತ್ತೆ. ಹಬೆಯಿಂದ ಮೆತ್ತಗಾಗಿರುತ್ತೆ.

ಅದಕ್ಕೆ ಒಂದು ಪ್ರಯೋಗ ಮಾಡಿದ್ವಿ. ಮಾಲೀಕರ ತಂಗಿ ಮನೆ ಅಲ್ಲೇ ಮೂರು ಕಿಲೋಮೀಟರ್ ದೂರ. ಅವರ ಫೋನಿಂದ ಒಂದು ಬೆಣ್ಣೆ ದೋಸೆ ಆರ್ಡರ್ ಮಾಡಿಸಿದ್ವಿ, ಅಡುಗೆಮನೆಯವರಿಗೆ ಯಾರಿಗೆ ಅಂತ ಹೇಳಲಿಲ್ಲ. ಪಾರ್ಸೆಲ್ ಬಿಚ್ಚಿದ ತಕ್ಷಣ ಅವರು ಒಂದು ಫೋಟೊ ತೆಗೆದು ಕಳಿಸಿದ್ರು. ಎರಡೂ ಫೋಟೊ ಅಕ್ಕಪಕ್ಕ ಇಟ್ಟು ನಾಲ್ಕು ವಿಷಯ ನೋಡಿದ್ವಿ: ಎಷ್ಟು ದೋಸೆ, ಎಷ್ಟು ದೊಡ್ಡದು, ಜೊತೆಗೆ ಏನೇನು ಬಂತು, ಬಣ್ಣ ಹೇಗಿದೆ.

ಸಂಖ್ಯೆ, ಗಾತ್ರ ಸರಿ ಇತ್ತು. ಬೆಣ್ಣೆ ಉಂಡೆ ಇರಲಿಲ್ಲ, ಪೂರ್ತಿ ಕರಗಿ ಎಲೆಗೆ ಅಂಟಿತ್ತು. ಚಟ್ನಿ ಬಟ್ಟಲಿನ ಬದಲು ಕಟ್ಟಿದ ಕವರಲ್ಲಿತ್ತು. ಫೋಟೊದಲ್ಲಿದ್ದ ಬಾಳೆ ಎಲೆಯ ಬದಲು ಬಟರ್ ಪೇಪರ್ ಬಂದಿತ್ತು. ಎಲೆ ಖಾಲಿಯಾಗಿತ್ತಂತೆ.

ಇಂಥ ಕಡೆ ಎರಡೇ ದಾರಿ. ಫೋಟೊ ಬದಲಾಯಿಸಬೇಕು, ಇಲ್ಲಾ ಪಾರ್ಸೆಲ್ ಬದಲಾಯಿಸಬೇಕು. ನಾವು ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದ್ವಿ. ತಟ್ಟೆಯ ಫೋಟೊ ಗೂಗಲ್ ಮ್ಯಾಪ್‌ಗೆ, ಇನ್‌ಸ್ಟಾಗ್ರಾಮ್‌ಗೆ ಹೋಯ್ತು. ಡೆಲಿವರಿ ಆ್ಯಪ್‌ಗೆ ಬೇರೆ ಫೋಟೊ ತೆಗೆದ್ವಿ: ಎಲೆ ಬಿಚ್ಚಿದ್ದು, ಅದರ ಮೇಲೆ ಮಡಚಿದ ದೋಸೆ, ಮಡಿಕೆಯ ಅಂಚಲ್ಲಿ ಕರಗಿದ ಬೆಣ್ಣೆಯ ಹೊಳಪು, ಪಕ್ಕದಲ್ಲಿ ಪಲ್ಯ, ಮುಚ್ಚಳ ತೆಗೆದ ಸಣ್ಣ ಡಬ್ಬಿಯಲ್ಲಿ ಚಟ್ನಿ. ಬೆಳಕು ಅದೇ ಬಾಗಿಲಿನದು, ಕೋನ ಅದೇ. ಕವರ್ ಬದಲು ಸಣ್ಣ ಡಬ್ಬಿ ಕೊಡೋಕೆ ಮಾಲೀಕರು ಒಪ್ಪಿದ್ರು. ಎಲೆ ಇಲ್ಲದ ದಿನ ಪಾರ್ಸೆಲ್ ಕಟ್ಟೋದು ಬೇಡ ಅಂತಲ್ಲ, ಆದ್ರೆ ಎಲೆಯನ್ನ ದಿನದ ಸಾಮಾನಿನ ಪಟ್ಟಿಗೆ ಸೇರಿಸಿದ್ರು. ತಿಂಡಿಯ ವಿವರದಲ್ಲಿ ಒಂದು ಸಾಲು ಬರೆದ್ವಿ: "ಪಾರ್ಸೆಲ್‌ನಲ್ಲಿ ದೋಸೆ ಮಡಚಿ ಕಳಿಸುತ್ತೇವೆ, ಬೆಣ್ಣೆ ಕರಗಿರುತ್ತದೆ."

ಬೆಣ್ಣೆ ಉಂಡೆ ಇಲ್ಲದ ಫೋಟೊ ಕಡಿಮೆ ಚಂದ ಅಲ್ವಾ ಅಂತ ನೀವು ಕೇಳಬಹುದು. ಹೌದು, ಸ್ವಲ್ಪ ಕಡಿಮೆಯೇ. ಮಾಲೀಕರೂ ಎರಡು ಫೋಟೊನ ಸುಮಾರು ಹೊತ್ತು ನೋಡಿದ್ರು. ಆಮೇಲೆ ಅವರ ತಂಗಿನೇ ಫೋನಲ್ಲಿ ಹೇಳಿದ್ರು, "ಅಣ್ಣಾ, ನನಗ ಬಂದಿದ್ದು ಎರಡನೇದು. ಅದನ್ನ ಹಾಕು" ಅಂತ. ಅದನ್ನೇ ಹಾಕಿದ್ರು.

ನಿಮ್ಮ ಮನೆಯವರದ್ದೋ, ಸ್ನೇಹಿತರದ್ದೋ ಹೋಟೆಲ್, ಮೆಸ್, ಖಾನಾವಳಿ ಇದ್ರೆ ಈ ಕ್ರಮದಲ್ಲಿ ಒಂದು ತಿಂಡಿ ಮಾತ್ರ ಮೊದಲು ಮಾಡಿ ನೋಡಿ, ಅತಿ ಹೆಚ್ಚು ಪಾರ್ಸೆಲ್ ಹೋಗೋದು ಯಾವುದೋ ಅದನ್ನ. ಪದಾರ್ಥ ಬದಲಾದಾಗ, ಡಬ್ಬಿ ಬದಲಾದಾಗ, ಅಳತೆ ಬದಲಾದಾಗ ಫೋಟೊನೂ ಹೊಸದು ಬೇಕು. ಬೆಲೆ ಏರಿತು ಅಂತ ಬೆಣ್ಣೆಯನ್ನ ಹತ್ತು ಗ್ರಾಂನಿಂದ ಎಂಟಕ್ಕೆ ಇಳಿಸಿದ್ರೆ, ಆವತ್ತೇ ಹಳೇ ಫೋಟೊ ಸುಳ್ಳಾಗಿರುತ್ತೆ.

ಈ ವಾರಕ್ಕೆ ಇಷ್ಟು. ಮುಂದಿನ ಸಂಚಿಕೆಯಲ್ಲಿ ಸಿಗೋಣ, ನಮಸ್ಕಾರ.